ಏಷ್ಯಾದಲ್ಲೇ ಎರಡನೇದು, ಫೋನ್ ನಂಬರ್ ಮಾತ್ರ ಇಲ್ಲ

ಬಡವನಹಳ್ಳಿಯಲ್ಲಿರೋ ನನ್ನ ಅಕ್ಕನ ಮಗ ಮಾಳಿಗೆ ಮೇಲಿನ ಎರಡು ಕೋಣೆಗೆ ಸುಣ್ಣ ಬಳಿಸಿದ್ದಾನೆ. ಮಧುಗಿರಿ ಬೆಟ್ಟ ಹತ್ತೋಕೆ ಬೆಂಗಳೂರಿಂದ ಬರೋರಿಗೆ ಬಾಡಿಗೆಗಂತೆ. ಕೋಣೆಗಿಂತ ಮೊದಲೇ ಕರಪತ್ರ ತಯಾರು. "ಮಾಮ, ಪ್ರೆಸ್ಸಿಗೆ ಹೋಗ್ತಾ ಇದೀನಿ, ಸುಮ್ನೆ ಒಂದ್ಸಲ ಕಣ್ಣಾಡಿಸು" ಅಂದ. ಈ "ಸುಮ್ನೆ" ಇದೆಯಲ್ಲ, ಅದರರ್ಥ ಹೊಗಳು ಅಂತ.

ಅವನು ಬರೆದದ್ದು ಹೀಗಿತ್ತು: "ಮಧುಗಿರಿಯ ಭವ್ಯ ಬೆಟ್ಟ ಏಷ್ಯಾದಲ್ಲೇ ಎರಡನೇ ಅತಿ ದೊಡ್ಡ ಏಕಶಿಲಾ ಬೆಟ್ಟ. 3,930 ಅಡಿ ಎತ್ತರದ ಈ ಬೃಹತ್ ಬಂಡೆ ಒಂದೇ ಕಲ್ಲಿನದು. ಖಂಡದಲ್ಲೇ ಹೆಸರಾದ ಈ ಏಕಶಿಲೆಯ ಮೇಲೆ ಐತಿಹಾಸಿಕ, ಅದ್ಭುತ ಕೋಟೆಯಿದ್ದು ರಮಣೀಯ ನೋಟ ಮನಸೂರೆಗೊಳ್ಳುತ್ತದೆ. ಪ್ರಶಾಂತ ವಾತಾವರಣದಲ್ಲಿ ತಂಗಲು ಬನ್ನಿ!"

ಪೆನ್ಸಿಲ್ ತಗೊಂಡು ಪ್ರತಿ ವಾಕ್ಯದ ಪಕ್ಕ ಅದು ಹೇಳೋ ಸಂಗತಿಯನ್ನು ಎರಡೇ ಪದದಲ್ಲಿ ಬರಿ ಅಂದೆ. ಮೊದಲನೆಯದಕ್ಕೆ "ಒಂದೇ ಕಲ್ಲು" ಅಂತ ಬರೆದ. ಎರಡನೆಯದಕ್ಕೂ ಅದನ್ನೇ ಬರೆದ. ಮೂರನೆಯದಕ್ಕೆ ಬಂದಾಗ ಪೆನ್ಸಿಲ್ ನಿಂತುಬಿಡ್ತು. ಒಬ್ಬನೇ ನಟ ಪೇಟ ಬದಲಾಯಿಸ್ಕೊಂಡು ಮೂರು ಸಲ ರಂಗಕ್ಕೆ ಬಂದಿದ್ದ. ವಾಕ್ಯಗಳನ್ನು ಓದ್ತಾ ಹೋದರೆ ಇದು ಸಿಗೋದಿಲ್ಲ, ಪದ ಬೇರೆ ಬೇರೆ ಇರುತ್ತಲ್ಲ. ಅಂಚಿನ ಟಿಪ್ಪಣಿ ಸಾಲಾಗಿ ನೋಡಿದಾಗಲೇ ಕಳ್ಳ ಸಿಕ್ಕೋದು.

ಇನ್ನು ಆ ಒಂದು ಮಾತಾದರೂ ನಿಲ್ಲುತ್ತಾ? "ಎರಡನೇದು ಅಂತ ಯಾರು ಅಳೆದರು? ಎತ್ತರಾನೋ, ಸುತ್ತಳತೆಯೋ, ಗಾತ್ರಾನೋ?" ಅಂದೆ. "ಎಲ್ರೂ ಹಂಗೇ ಹೇಳ್ತಾರೆ ಮಾಮ." ಎಲ್ಲರೂ ಹೇಳ್ತಾರೆ, ಒಬ್ಬರ ಬಾಯಿಂದ ಇನ್ನೊಬ್ಬರು ಎತ್ತಿಕೊಂಡು. ಮಾಗಡಿ ಕಡೆಯವರು ಸಾವನದುರ್ಗಕ್ಕೂ ಇಂಥದ್ದೇ ಪಟ್ಟ ಕಟ್ಟಿದ್ದಾರೆ. ಒಂದನೇದು, ಎರಡನೇದು ಅನ್ನೋ ಮಾತಿಗೆ ಅಳತೆ ಯಾವುದು, ಯಾವ ವರ್ಷದ್ದು ಅನ್ನೋದು ಜೊತೆಗಿರಬೇಕು. ನಮ್ಮ ಪಾವಗಡದ ಸೋಲಾರ್ ಪಾರ್ಕನ್ನೇ ನೋಡಿ, 2,050 ಮೆಗಾವ್ಯಾಟ್. ಜಗತ್ತಿನಲ್ಲೇ ದೊಡ್ಡದು ಅಂತ ಬರೆದವರು ಬರೆದಾಗ ತಪ್ಪೇನೂ ಮಾಡಿರಲಿಲ್ಲ. ಆಮೇಲೆ ರಾಜಸ್ಥಾನದ ಭಡ್ಲಾ 2,245ಕ್ಕೆ ಹೋಯಿತು. ಹಳೇ ಕರಪತ್ರ ಮಾತ್ರ ಇವತ್ತಿಗೂ ಜಗತ್ತನ್ನೇ ಆಳ್ತಾ ಇದೆ.

3,930 ಅಡಿ ನೋಡೋಕೆ ಗಟ್ಟಿ ಸಂಖ್ಯೆ. ಅದಕ್ಕೇ ಅಪಾಯ. ಅದು ಸಮುದ್ರ ಮಟ್ಟದಿಂದ ಲೆಕ್ಕ. ಮಧುಗಿರಿ ಊರೇ ಎರಡೂವರೆ ಸಾವಿರ ಅಡಿಗಿಂತ ಮೇಲಿದೆ. ಹತ್ತೋನ ಕಾಲಿಗೆ ಬೀಳೋದು ಹೆಚ್ಚೂಕಡಿಮೆ 1,300 ಅಡಿ. "3,930 ಅಡಿ ಎತ್ತರದ ಬಂಡೆ" ಅಂದರೆ ಓದಿದವನು ಅಷ್ಟನ್ನೂ ತಾನೇ ಹತ್ತಬೇಕು ಅಂತ ಮಂಡಿ ಹಿಡ್ಕೊಂಡು ಮನೇಲೇ ಕೂತ್ಕೋತಾನೆ. ನಿನ್ನ ಕೋಣೆ ಖಾಲಿ.

ವಿಶೇಷಣಗಳಿಗೆ ನನ್ನದು ಒಂದೇ ಪರೀಕ್ಷೆ: ಪದದ ಮೇಲೆ ಬೆರಳಿಟ್ಟು ಮುಚ್ಚಿ ಓದು, ಏನಾದರೂ ಕಳೆದುಹೋಯಿತಾ? "ಐತಿಹಾಸಿಕ" ಮುಚ್ಚಿದೆವು, ಕೋಟೆ ಅಲ್ಲೇ ನಿಂತಿತ್ತು. ಇತಿಹಾಸ ಇಲ್ಲದ ಕೋಟೆಯನ್ನ ಯಾರು ಕಂಡಿದ್ದಾರೆ? ಆ ಜಾಗದಲ್ಲಿ ಸ್ಥಳೀಯ ಪಾಳೇಗಾರರು ಕಟ್ಟಿದ್ದು, ಆಮೇಲೆ ಹೈದರಾಲಿ ಬಲಪಡಿಸಿದ್ದು ಅಂತ ಬರೆದರೆ ಆಯಿತು. "ಅದ್ಭುತ" ಮುಚ್ಚಿದರೆ ಅದರಡಿ ಏನೂ ಇರಲಿಲ್ಲ. ಅಲ್ಲಿಗೆ ದಿಡ್ಡಿ ಬಾಗಿಲು, ಅಂತರಾಳದ ಬಾಗಿಲು, ಮೈಸೂರು ಬಾಗಿಲು ಅಂತ ಹೆಸರಿದ್ದ ದ್ವಾರಗಳನ್ನ ತಂದು ಕೂರಿಸಿದೆವು. "ಭವ್ಯ", "ಬೃಹತ್" ತಾವಾಗೇ ಎದ್ದು ಹೋದವು.

ಮೂರನೇ ಸಲ ಓದೋವಾಗ ಹಾಳೆಯಲ್ಲಿ ಇಲ್ಲದ್ದನ್ನ ಓದಬೇಕು. ಅದು ಬರೆದವನಿಗೆ ಕಷ್ಟ, ಅವನ ತಲೇಲಿ ಎಲ್ಲಾ ಇರುತ್ತೆ. ಅದಕ್ಕೇ ಬೆಟ್ಟವನ್ನೇ ನೋಡದ ಕೊರಟಗೆರೆ ಬೀಗರ ಹುಡುಗನನ್ನ ಕರೆದು ಕೂರಿಸಿದೆ. ಓದಿ ಮುಗಿಸಿ ಕೇಳಿದ: "ಮೇಲೆ ಕುಡಿಯೋ ನೀರು ಸಿಗುತ್ತಾ? ಎಷ್ಟು ಹೊತ್ತಿಗೆ ಹೊರಡಬೇಕು? ಮಳೆ ಬಂದಾಗ ಬಂಡೆ ಜಾರಲ್ವಾ? ಈ ಮನೆಯಿಂದ ಬೆಟ್ಟಕ್ಕೆ ಎಷ್ಟು ದೂರ? ಬಾಡಿಗೆ ಎಷ್ಟು?" ಒಂದಕ್ಕೂ ಹಾಳೆಯಲ್ಲಿ ಉತ್ತರ ಇಲ್ಲ. ಕೊನೆಗೆ ಮೆಲ್ಲಗೆ ಅಂದ, "ಅಣ್ಣ, ಫೋನ್ ನಂಬರ್ ಎಲ್ಲಿದೆ?"

ಅಕ್ಕ ಒಳಗಿಂದ ನಗ್ತಾ ಇದ್ದಳು. ನಮ್ಮ ಹುಡುಗ ತಲೆ ಕೆರ್ಕೊಂಡು ಹೊಸದಾಗಿ ಬರೆದ: "ಮಧುಗಿರಿ ಬೆಟ್ಟ ಊರಿಂದ ಸುಮಾರು 1,300 ಅಡಿ ಏರು. ಬಂಡೆ ಕಡಿದಾಗಿದೆ, ಮಳೆಯಲ್ಲಿ ಜಾರುತ್ತದೆ. ಬಿಸಿಲಿಗೆ ಮುಂಚೆ ಹೊರಡಿ, ನೀರು ಒಯ್ಯಿರಿ. ತಂಗಲು ಮಧುಗಿರಿ–ಶಿರಾ ರಸ್ತೆಯ ಬಡವನಹಳ್ಳಿಯಲ್ಲಿ ಎರಡು ಕೋಣೆ." ಕೆಳಗೆ ಬಾಡಿಗೆ, ದೂರ, ನಂಬರ್.

"ಮಾಮ, ರಮಣೀಯ ಒಂದಾದ್ರೂ ಇರ್ಲಿ."

"ಇಟ್ಕೋ. ಕಿಟಕಿ ತೆಗೆದರೆ ಏನು ಕಾಣುತ್ತೆ ಅಂತ ಮೊದಲು ಬರಿ."

ಎದ್ದು ಹೋಗಿ ಕಿಟಕಿ ತೆಗೆದ. ಪಕ್ಕದ ಮನೆಯ ನೀರಿನ ಟ್ಯಾಂಕ್ ಕಂಡಿತು.