ಮೇಲೆ ಹಸಿರು, ಒಳಗೆ ಏದುಸಿರು

ಶುಕ್ರವಾರ ಸಂಜೆ ಐದು ದಾಟಿದ ಮೇಲೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಗದ್ಯಸಾಹಿತ್ಯದ ಒಂದು ಪ್ರಕಾರ ಸಮೃದ್ಧವಾಗಿ ಅರಳುತ್ತದೆ. ಅದರ ಹೆಸರು ವೀಕ್ಲಿ ಸ್ಟೇಟಸ್. ಅದಕ್ಕಿರುವುದು ಒಬ್ಬರೇ ಓದುಗರು, ಮೇಲಿನ ಮೇಡಂ. ಅವರೂ ಓದುವುದಿಲ್ಲ. ಆದರೂ ಬರೆಯುವವರು ಒಂದು ವಾರವೂ ತಪ್ಪಿಸುವುದಿಲ್ಲ. ಇಂಥ ನಿಷ್ಠೆ ನಮ್ಮ ಕಾದಂಬರಿಕಾರರಲ್ಲೂ ಕಾಣೆ.

ಮೊನ್ನೆ ಅಂಥದ್ದೊಂದು ಕೃತಿಯನ್ನು ಪೂರ್ತಿ ಓದುವ ಯೋಗ ಬಂತು. ಒಂದು ಕಂಪನಿ ತನ್ನ 4,000 ನೌಕರರ ಸಂಬಳದ ಲೆಕ್ಕವನ್ನು ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ಸಾಗಿಸುತ್ತಿದೆ. ಜುಲೈ ತಿಂಗಳ ಸಂಬಳ ಹೊಸದರಲ್ಲೇ ಆಗಬೇಕು. ಮೇಲ್‌ನ ನೆತ್ತಿಯಲ್ಲಿ ಹಸಿರು ಚೌಕ. ಅದರ ಕೆಳಗೆ 'ಡೇಟಾ ವರ್ಗಾವಣೆ 90% ಪೂರ್ಣ'. ಹಿಂದಿನ ವಾರವೂ 90, ಅದರ ಹಿಂದಿನ ವಾರವೂ 90. ಆಮೇಲೆ ನಡೆಸಿದ ಸಭೆಗಳ ಪಟ್ಟಿ, ಆ ಸಭೆಗಳಿಗೆ ತಯಾರಾಗಲು ನಡೆಸಿದ ಸಭೆಗಳ ಪಟ್ಟಿ, ತರಬೇತಿಗೆ ಹೋಗಿ ಬಂದವರ ಹೆಸರು. 'ಅಪಾಯಗಳು' ಎಂಬ ತಲೆಬರಹದ ಕೆಳಗೆ 'ಸಂಪನ್ಮೂಲ ಲಭ್ಯತೆ, ಸಮಯದ ಅಭಾವ' ಎಂದಿತ್ತು. ಈ ಎರಡು ಅಪಾಯಗಳು ಜಗತ್ತಿನ ಎಲ್ಲ ಪ್ರಾಜೆಕ್ಟಿಗೂ ಹುಟ್ಟಿನಿಂದಲೇ ಅಂಟಿಕೊಂಡು ಬಂದವು, ಜಾತಕದಲ್ಲಿ ಬರೆದಿರುತ್ತದೆ. ಇಷ್ಟೆಲ್ಲ ದಾಟಿ ಮೇಲ್‌ನ ತಳ ಮುಟ್ಟಿದರೆ, 'ಧನ್ಯವಾದ'ಕ್ಕೆ ಒಂದೇ ಸಾಲು ಮೇಲೆ ಹೀಗಿತ್ತು: 'ಗುತ್ತಿಗೆ ನೌಕರರ ರಜೆ ಬಾಕಿ ಕುರಿತು ಹಣಕಾಸು ವಿಭಾಗದ ಸ್ಪಷ್ಟನೆ ನಿರೀಕ್ಷಿಸಲಾಗಿದೆ, ಫಾಲೋ ಅಪ್ ಮಾಡಲಾಗುತ್ತಿದೆ.'

ಇಡೀ ಪ್ರಾಜೆಕ್ಟಿನ ಜೀವ ಆ ಸಾಲಿನಲ್ಲಿತ್ತು. ಗುತ್ತಿಗೆಯವರು 400 ಜನ. ಅವರ ರಜೆ ಬಾಕಿ ಹಳೆಯ ಸಾಫ್ಟ್‌ವೇರಿನಲ್ಲಿ ಒಂದು, ಗುತ್ತಿಗೆದಾರರು ಇಟ್ಟಿರುವ ಹಾಜರಿ ಪುಸ್ತಕದಲ್ಲಿ ಇನ್ನೊಂದು. ಯಾವುದು ಸರಿ ಎಂದು ಹಣಕಾಸು ಮುಖ್ಯಸ್ಥರು ಹೇಳುವ ತನಕ ಈ 400 ಜನರ ಸಂಬಳ ಲೆಕ್ಕ ಹಾಕುವಂತಿಲ್ಲ. 90% ಸುಳ್ಳೇನಲ್ಲ. ಉಳಿದ ಹತ್ತರಲ್ಲಿ ಕೆಲಸ ಇರಲಿಲ್ಲ, ಒಂದು ಸಹಿ ಇತ್ತು, ಅಷ್ಟೆ. ಸಹಿಗೆ ಶೇಕಡಾವಾರು ಇರುವುದಿಲ್ಲ. ಅದು ಆಗಿರುತ್ತದೆ, ಇಲ್ಲವೇ ಆಗಿರುವುದಿಲ್ಲ.

'ಮಾಡಲಾಗುತ್ತಿದೆ' ಎಂಬ ಕ್ರಿಯಾಪದವನ್ನು ನೋಡಿ ವಿಧಾನಸೌಧದ ಕಡತಗಳೂ ನಾಚಿಕೊಂಡಾವು. ಯಾರು ಮಾಡುತ್ತಿದ್ದಾರೆ, ಯಾರನ್ನು ಕೇಳುತ್ತಿದ್ದಾರೆ, ಯಾವಾಗಿನಿಂದ, ಉತ್ತರ ಬರದಿದ್ದರೆ ಏನು ಗತಿ, ಒಂದಕ್ಕೂ ಅದರಲ್ಲಿ ಜಾಗವಿಲ್ಲ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ಸರ್ಕಾರಿ ವಾಕ್ಯವನ್ನು ಗೇಲಿ ಮಾಡುತ್ತ ಬೆಳೆದ ಹುಡುಗರು ಐಟಿಗೆ ಸೇರಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾರೆ, ಸಂಬಳ ಮಾತ್ರ ಬೇರೆ.

ಹಾಗೆಂದು ಹುಡುಗರನ್ನೇ ಬಯ್ಯುವುದು ಅನ್ಯಾಯ. ಹಸಿರು ಬಳಿಯುವುದು ಅನುಭವ ಕಲಿಸಿದ ಪಾಠ. ಒಮ್ಮೆ ಕೆಂಪು ತೋರಿಸಿ ನೋಡಿ. ಮರುದಿನದಿಂದ ಬೆಳಿಗ್ಗೆ ಒಂಬತ್ತಕ್ಕೊಂದು ಸಭೆ, ಸಂಜೆ ಆರಕ್ಕೊಂದು ಸಭೆ, ನಡುವೆ ಯಾಕೆ ತಡವಾಯಿತು ಎಂಬುದಕ್ಕೆ ಬೇರೆಯದೇ ಒಂದು ವರದಿ. ಕೆಂಪು ತೋರಿಸಿದ್ದು ಸಹಾಯಕ್ಕೆ, ಸಿಕ್ಕಿದ್ದು ವಿಚಾರಣೆ. ಹಾಗಾಗಿ ಟೆಸ್ಟಿಂಗ್ ಮಾಡುವ ಹುಡುಗಿ 'ಜುಲೈಗೆ ಆಗಲ್ಲ ಸಾರ್' ಎಂದದ್ದನ್ನು ಲೀಡ್ 'ಸ್ವಲ್ಪ ಕಷ್ಟ' ಎಂದು ಬರೆಯುತ್ತಾನೆ, ಮ್ಯಾನೇಜರ್ ಅದನ್ನು 'ಸವಾಲಿದೆ, ನಿಭಾಯಿಸುತ್ತಿದ್ದೇವೆ' ಎಂದು ತಿದ್ದುತ್ತಾನೆ. ಮೇಡಂ ಬಳಿ ತಲುಪುವ ಹೊತ್ತಿಗೆ ಅದು ಹಸಿರು. ಈ ಕಸುಬಿನವರು ಇಂಥ ಪ್ರಾಜೆಕ್ಟಿಗೆ ಕಲ್ಲಂಗಡಿ ಎನ್ನುತ್ತಾರೆ. ಹೆಚ್ಚುವ ದಿನದವರೆಗೂ ಒಳಗಿನ ಕೆಂಪು ಹೊರಗೆ ಗೊತ್ತಾಗುವುದಿಲ್ಲ.

ಇದು ನಮ್ಮೂರಿನ ಪೇಟೆಂಟೂ ಅಲ್ಲ. 2006ರಲ್ಲಿ ಅಲನ್ ಮುಲಾಲಿ ಬೋಯಿಂಗ್ ಬಿಟ್ಟು ಫೋರ್ಡ್ ಮುಖ್ಯಸ್ಥರಾಗಿ ಬಂದಾಗ ಪ್ರತಿ ಗುರುವಾರ ಎಲ್ಲ ಹಿರಿಯ ಅಧಿಕಾರಿಗಳೂ ತಮ್ಮ ಕೆಲಸವನ್ನು ಹಸಿರು, ಹಳದಿ, ಕೆಂಪಿನಲ್ಲಿ ತೋರಿಸಬೇಕೆಂದರು. ಎಲ್ಲರೂ ಹಸಿರು ತಂದರು. ಆ ವರ್ಷ ಕಂಪನಿ ಕಳೆದುಕೊಂಡದ್ದು 1,200 ಕೋಟಿ ಡಾಲರಿಗೂ ಹೆಚ್ಚು. ಇಷ್ಟು ನಷ್ಟದಲ್ಲಿ ಕೆಟ್ಟು ಹೋದದ್ದು ಏನೂ ಇಲ್ಲವೇ ಎಂದು ಮುಲಾಲಿ ಕೇಳಬೇಕಾಯಿತು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ, ಕೆನಡಾದಲ್ಲಿ ತಯಾರಾಗುತ್ತಿದ್ದ ಎಡ್ಜ್ ಕಾರಿನ ಬಿಡುಗಡೆಗೆ ತೊಡಕಾಗಿದೆ ಎಂದು ಕೆಂಪು ತೋರಿಸಿದರು. ಮಿಕ್ಕವರು ಇವನ ಕೆಲಸ ಹೋಯಿತು ಎಂದುಕೊಂಡರೆ ಮುಲಾಲಿ ಚಪ್ಪಾಳೆ ತಟ್ಟಿದರು, ಯಾರು ಸಹಾಯ ಮಾಡಬಲ್ಲಿರಿ ಎಂದು ಸುತ್ತ ನೋಡಿದರು. ಆಮೇಲಷ್ಟೇ ಉಳಿದವರ ಚಾರ್ಟುಗಳಿಗೂ ಬಣ್ಣ ಬಂತು. ನಮ್ಮಲ್ಲಿ ಈ ಕಥೆಯನ್ನು ತರಬೇತಿಯಲ್ಲಿ ಹೇಳಿ, ಊಟಕ್ಕೆ ಬಿಟ್ಟು, ಮಧ್ಯಾಹ್ನ ಕೆಂಪು ತಂದವನನ್ನು ಕೋಣೆಗೆ ಕರೆಸುತ್ತೇವೆ.

ಸಂಬಳದ ಪ್ರಾಜೆಕ್ಟಿಗೆ ಮರಳೋಣ. ಆ ಮೇಡಂ ವಾರದ ವರದಿಯನ್ನು ನೋಡುವುದು ಎರಡು ಸಭೆಗಳ ನಡುವೆ, ಲಿಫ್ಟಿನಲ್ಲಿ, ಮೊಬೈಲಿನಲ್ಲಿ. ಪರದೆಯ ಮೊದಲ ನೋಟಕ್ಕೆ ಸಿಗುವಷ್ಟೇ ಅವರ ಪಾಲಿನ ವರದಿ, ಬೆರಳು ಸರಿಸಿದ ಮೇಲಿನದು ಇತಿಹಾಸ ಸಂಶೋಧಕರಿಗೆ. ಒಂದು ವಾರ ಲೀಡ್ ರಜೆಯಲ್ಲಿದ್ದಾಗ ಟೆಸ್ಟಿಂಗ್ ಮಾಡುವ ಆ ಹುಡುಗಿಯೇ ವರದಿಯನ್ನು ಹೀಗೆ ಬರೆದಳು:

'ಜುಲೈ ಸಂಬಳ ಹೊಸ ವ್ಯವಸ್ಥೆಯಲ್ಲಿ ಆಗುವುದು ಈಗ ಅನುಮಾನ. ಕಳೆದ ವಾರ ಹಸಿರು, ಈ ವಾರ ಹಳದಿ.

ಆದದ್ದು: 3,600 ಜನರ ಮೇ ಸಂಬಳವನ್ನು ಹಳೆಯದು, ಹೊಸದು ಎರಡರಲ್ಲೂ ಲೆಕ್ಕ ಹಾಕಿದೆವು. ಪೈಸೆಯೂ ವ್ಯತ್ಯಾಸವಿಲ್ಲ.

ಅಪಾಯ: 400 ಗುತ್ತಿಗೆ ನೌಕರರ ರಜೆ ಬಾಕಿ ಎರಡು ಕಡೆ ಎರಡು ರೀತಿ ಇದೆ. ಜೂನ್ 12ರೊಳಗೆ ತೀರ್ಮಾನವಾಗದಿದ್ದರೆ ಅವರನ್ನು ಜೂನ್ ಪರೀಕ್ಷೆಗೆ ಸೇರಿಸಲಾಗದು, ಇಡೀ ಬದಲಾವಣೆ ಆಗಸ್ಟಿಗೆ ಹೋಗುತ್ತದೆ.

ನಿಮ್ಮಿಂದ ಬೇಕಾದದ್ದು: ಹಾಜರಿ ಪುಸ್ತಕದ ಲೆಕ್ಕವನ್ನೇ ಹಿಡಿಯಲು ಹಣಕಾಸು ಮುಖ್ಯಸ್ಥರ ಒಪ್ಪಿಗೆ. ನಾವು ಎರಡು ಸಲ ಕೇಳಿದೆವು, ಉತ್ತರ ಬಂದಿಲ್ಲ. ನೀವು ಮಾತಾಡಿದರೆ ಆಗುತ್ತದೆ.'

ಸಭೆಗಳ ಪಟ್ಟಿ ಪೂರಾ ಮಾಯ. 90%ರ ಜಾಗದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದಾದ ಒಂದು ಸಂಗತಿ ಬಂತು. ಅಪಾಯಕ್ಕೆ ತಾರೀಖು ಸಿಕ್ಕಿತು, ಅದು ತಪ್ಪಿದರೆ ತೆರಬೇಕಾದ ಬೆಲೆಯೂ ಸಿಕ್ಕಿತು. ಬೇಕಾದದ್ದರ ಮುಂದೆ ಒಬ್ಬರ ಹುದ್ದೆಯಿದೆ, ಜೊತೆಗೆ ತಂಡದ ಸಲಹೆಯೂ ಇದೆ. ಮೇಡಂ ಯೋಚಿಸುವ ಕಷ್ಟವಿಲ್ಲ, ಫೋನ್ ಎತ್ತಿದರೆ ಸಾಕು. ಬಣ್ಣಕ್ಕೂ ಹುಡುಗಿಗೊಂದು ಲೆಕ್ಕವಿತ್ತು. ಹೊರಗಿನವರ ನೆರವಿಲ್ಲದೆ ತಾರೀಖು ನಿಂತರೆ ಹಸಿರು. ಯಾರಾದರೂ ಏನಾದರೂ ಮಾಡಿದರೆ ಮಾತ್ರ ನಿಲ್ಲುವುದಾದರೆ ಹಳದಿ. ಯಾರು ಏನು ಮಾಡಿದರೂ ನಿಲ್ಲದಿದ್ದರೆ ಕೆಂಪು. ಮನಸ್ಸಿನ ನೆಮ್ಮದಿಗೆ ಬಳಿಯುವ ಬಣ್ಣಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಇದರಲ್ಲೂ ಒಂದು ಮಿತಿಯಿದೆ. ವಾರವಾರವೂ 'ನಿಮ್ಮಿಂದ ಬೇಕಾದದ್ದು' ಐದಾರು ಸಾಲು ತುಂಬಿದರೆ ಮೇಡಂ ಅದನ್ನೂ ಜಾತಕದಂತೆ ನೋಡಲು ಶುರು ಮಾಡುತ್ತಾರೆ. ತಂಡವೇ ಬಗೆಹರಿಸಬಲ್ಲದ್ದನ್ನು ಅಲ್ಲಿ ಹಾಕಬಾರದು. ಏನೂ ಬೇಡದ ವಾರ 'ಏನೂ ಬೇಡ' ಎಂದು ಬರೆಯುವ ಧೈರ್ಯವೂ ಬೇಕು.

ಮೇಡಂ ಅದೇ ಸಂಜೆ ಫೋನ್ ಮಾಡಿದರು, ಸೋಮವಾರ ಒಪ್ಪಿಗೆ ಬಂತು. ಮಂಗಳವಾರ ಪ್ರಾಜೆಕ್ಟ್ ಕಚೇರಿಯಿಂದ ಹುಡುಗಿಗೆ ಒಂದು ಮೇಲ್ ಬಂತು: ವರದಿ ನಿಗದಿತ ನಮೂನೆಯಲ್ಲಿಲ್ಲ, ದಯವಿಟ್ಟು ಸಭೆಗಳ ಪಟ್ಟಿ ಸೇರಿಸಿ ಮತ್ತೆ ಕಳಿಸುವುದು.