ಸ್ವರಕ್ಕೆ ಕೈ ಹಾಕದೆ

ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಗಮಕ ಹೊರಡಿಸಿದ ಮೇಲೆ ಕದ್ರಿಯಲ್ಲಿ ಯಾವ ಪರದೇಶಿ ವಾದ್ಯಕ್ಕೂ ಯಾರೂ ಹುಬ್ಬೇರಿಸುವುದಿಲ್ಲ. ಸಂಜೆಯಾದರೆ ಒಂದು ಕಿಟಕಿಯಿಂದ ಸರಳೆ ವರಸೆ, ಇನ್ನೊಂದರಿಂದ ಪಿಯಾನೊ. ಆ ಇನ್ನೊಂದು ಕಿಟಕಿಯ ಹುಡುಗಿ ವಾಟ್ಸಾಪಿನಲ್ಲಿ ಫೋಟೊ ಕಳಿಸಿದಳು: ಬೀಥೋವನ್ನನ 'ಮೂನ್‌ಲೈಟ್' ಸೊನಾಟಾದ ಮೊದಲ ಪುಟ. "ಅಂಕಲ್, ನೋಟ್ಸ್ ನಂಗೆ ಗೊತ್ತುಂಟು. ಮೇಲೆ ಬರ್ದದ್ದು ಎಂತ ಹೇಳಿ ಸಾಕು."

ಒಳ್ಳೆಯದೇ ಆಯಿತು, ಸ್ವರಕ್ಕೆ ಕೈ ಹಾಕಿದರೆ ಅವಳ ಟೀಚರ್ ಸುಮ್ಮನಿರುತ್ತಾರೆಯೇ? ನಮ್ಮ ಕೃತಿಗಳ ಪುಸ್ತಕದಲ್ಲಿ ರಾಗ, ತಾಳ ಅಚ್ಚಾಗಿರುತ್ತವೆ. ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ಎಂಬುದು ಗುರುಗಳ ಗಂಟಲಲ್ಲಿರುತ್ತದೆ. ಬೀಥೋವನ್ ಅದನ್ನೂ ಕಾಗದಕ್ಕಿಳಿಸಿದ್ದಾನೆ. ಜರ್ಮನ್ನನಾದರೂ ಬರೆದದ್ದು ಇಟಾಲಿಯನ್ನಿನಲ್ಲಿ, ಆ ಕಾಲದ ರೂಢಿಯಂತೆ.

'ಅಡಾಜಿಯೊ ಸೊಸ್ತೆನೂತೊ' ಅಂದರೆ ನಿಧಾನವಾಗಿ, ಸ್ವರಗಳನ್ನು ಕಡಿಯದೆ ಹಿಡಿದು ನುಡಿಸು. ಎಷ್ಟು ನಿಧಾನ? ನಮ್ಮ ಎರಡನೇ ಕಾಲದ ಹಾಗೆ ಇದಕ್ಕೆ ದುಪ್ಪಟ್ಟಿನ ಲೆಕ್ಕವಿಲ್ಲ. ಸುಳಿವು ಇರುವುದು ಪಕ್ಕದ 'ಸಿ' ಆಕಾರದ ತಾಳಚಿಹ್ನೆಯಲ್ಲಿ. ಫೋಟೊದಲ್ಲಿ ಫ್ಲ್ಯಾಶ್ ಸರಿಯಾಗಿ ಅಲ್ಲಿಗೇ ಹೊಡೆದಿತ್ತು! ಕಿಟಕಿ ಹತ್ತಿರ ಇಟ್ಟು ಇನ್ನೊಮ್ಮೆ ತೆಗೆಸಿದಾಗ ಚಿಹ್ನೆಯ ನಡುವೆ ಒಂದು ನೆಟ್ಟಗೆರೆ ಕಂಡಿತು. ಆ ಗೆರೆ ಇದ್ದರೆ ಆವರ್ತಕ್ಕೆ ನಾಲ್ಕಲ್ಲ, ಎರಡೇ ಪೆಟ್ಟು. ಹಾಗಾಗಿ ನಿಧಾನವೆಂದು ತೂಕಡಿಸುವಂತಿಲ್ಲ.

ಮೇಲಿನ ಉದ್ದ ವಾಕ್ಯದ ಅರ್ಥ ಇಷ್ಟು: ಇಡೀ ಭಾಗವನ್ನು ಅತಿ ನವಿರಾಗಿ, 'ಸೆಂಜಾ ಸೊರ್ದೀನೊ' ನುಡಿಸಬೇಕು. ಎಡವುವುದು ಇಲ್ಲೇ. ಸೊರ್ದೀನೊ ಎಂದರೆ ಸದ್ದಡಗಿಸುವುದು ಎಂದು ನಿಘಂಟು ಹೇಳುತ್ತದೆ. ಓದಿದವರು ಎಡಗಡೆಯ ಮೆದುದನಿಯ ಪೆಡಲ್ ಬಿಟ್ಟುಬಿಡುತ್ತಾರೆ. ಇಲ್ಲಿ ಆ ಮಾತು ಹೇಳುತ್ತಿರುವುದು ತಂತಿಗಳ ಮೇಲೆ ಕೂತು ನಾದ ನಿಲ್ಲಿಸುವ ಉಣ್ಣೆಬಟ್ಟೆಯ ದಿಂಬುಗಳನ್ನು. ಅವು ಬೇಡ ಅಂದರೆ ಬಲಗಡೆಯ ಪೆಡಲ್ ಒತ್ತಿ ಅವನ್ನು ಎತ್ತಿ ಹಿಡಿಯಬೇಕು. ಸೊನಾಟಾ ಅಚ್ಚಾದ 1802ರ ಪಿಯಾನೊಗಳಲ್ಲಿ ನಾದ ಬೇಗ ಆರುತ್ತಿತ್ತು, ಹಾಗಾಗಿ ಇದು ನಡೆಯುತ್ತಿತ್ತು. ಇಂದಿನ ಪಿಯಾನೊದಲ್ಲಿ ಒತ್ತಿದ ಕಾಲು ಎತ್ತದಿದ್ದರೆ ಹಳೆಯ ಸ್ವರ ಹೊಸದರ ಮೇಲೆ ಬಿದ್ದು ಎಲ್ಲ ರಾಡಿ. ಎಡಗೈಯ ಕೆಳಗಿನ ಸ್ವರ ಬದಲಾದಾಗಲೆಲ್ಲ ಪೆಡಲನ್ನು ಒಮ್ಮೆ ಬಿಟ್ಟು ಮತ್ತೆ ಒತ್ತಬೇಕು. ರಾಡಿಯಾಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ಕಿವಿ.

ಸಾಲುಗಳ ನಡುವಿನ 'ಸೆಂಪ್ರೆ ಪಿಯಾನಿಸ್ಸಿಮೊ' ಎಂದರೆ ಉದ್ದಕ್ಕೂ ತೀರಾ ಮೆಲ್ಲಗೆ. ಮೇಲಿನ ರಾಗದ ಎಳೆ ಮಾತ್ರ ಅಷ್ಟರಲ್ಲೂ ಕೇಳಿಸಬೇಕು. ಅದಕ್ಕೆ ಕಿರುಬೆರಳು ತುಸು ಭಾರ, ಉಳಿದವು ಹಗುರ.

"ಬೆಳದಿಂಗಳು ಅಂತ ಎಲ್ಲಿ ಬರ್ದುಂಟು?" ಎಂದು ಕೇಳಿದಳು. ಎಲ್ಲೂ ಇಲ್ಲ, ಆ ಹೆಸರು ಅವನದಲ್ಲ. ಅವನು ಬರೆದದ್ದು 'ಮನೋಧರ್ಮದಂತೆ' ಎಂಬರ್ಥದ ಮಾತು. ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಟೈಪು ಮಾಡಿ ಕಳಿಸಿದೆ. ಉತ್ತರ ಬಂತು: "ಥ್ಯಾಂಕ್ಸ್ ಅಂಕಲ್. ಆದ್ರೆ ನಮ್ಮ ಕೀಬೋರ್ಡಿಗೆ ಪೆಡಲೇ ಇಲ್ಲ."