ಸದರಿಯವರ ಬೀಳ್ಕೊಡುಗೆ: ಒಂದು ಪ್ರಮಾಣ ಮೀಮಾಂಸೆ

ಬೀಳ್ಕೊಡುಗೆ ಭಾಷಣಶಾಸ್ತ್ರದ ಮಹಾಪರ್ವ ಮೇ 31. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಯ ಗುರುಗಳು ಜೂನ್ 1 ಎಂದು ಬರೆದುಕೊಂಡರು. ತಿಂಗಳ ಮೊದಲ ದಿನ ಹುಟ್ಟಿದ ನೌಕರ 60 ತುಂಬುವ ಮುನ್ನಾದಿನವೇ ನಿವೃತ್ತನೆಂದು ಸೇವಾನಿಯಮ ಹೇಳಿತು. ಹೀಗೆ ಒಂದೇ ಸಂಜೆ ಒಂದೇ ಕಚೇರಿಯ ಮೂವರಿಗೆ ಒಂದೇ ಭಾಷಣ ಸಾಲುವ ಅನುಕೂಲ ಒದಗಿದೆ. ಶಾಲು ಮೂರು, ‘ಸರಳ, ಸಜ್ಜನ, ಅಜಾತಶತ್ರು’ ಮಾತ್ರ ಒಂದೇ. ಯಾರ ಹೆಸರು ಸೇರಿಸಿದರೂ ಒಪ್ಪುವ ಮಾತು ಯಾರ ಬಗ್ಗೆಯೂ ಸಾಕ್ಷಿ ಹೇಳುವುದಿಲ್ಲ. ಆದ್ದರಿಂದ ಸಭಿಕರು ಕೂಡಿ ಕಂಡ ಸಣ್ಣ ನೆನಪೊಂದೇ ಪ್ರಮಾಣವೆಂದು ಈ ಪ್ರಬಂಧದ ವಾದ.

ಪರೀಕ್ಷೆಗೆಂದು ಮೂರು ದಶಕ ದುಡಿದ ಒಬ್ಬ ಕಲ್ಪಿತ ಗುಮಾಸ್ತರನ್ನು ತೆಗೆದುಕೊಳ್ಳೋಣ. ಕಡತದ ಸಂಪ್ರದಾಯದಂತೆ ಅವರ ಹೆಸರು ‘ಸದರಿಯವರು’. ಔರಾದಿನಲ್ಲಿದ್ದಾಗ ಅವರು ತಡವಾಗಿ ಬಂದರೆ ತಪ್ಪು ಬಸ್ಸಿನದು, ಏಕೆಂದರೆ ಆ ಊರಿಗೆ ರೈಲಿಲ್ಲ. ಭಾಲ್ಕಿಗೆ ವರ್ಗವಾದ ಮೇಲೆ ತಪ್ಪು ರೈಲಿನದು, ಏಕೆಂದರೆ ಅಲ್ಲಿ ರೈಲಿದೆ. ಬೀದರಿಗೆ ಬಂದಾಗ ಎರಡೂ ಇದ್ದವು. ಕಾರಣ ಆರಿಸುವುದರಲ್ಲೇ ಇನ್ನಷ್ಟು ತಡವಾಗುತ್ತಿತ್ತು. ಇದನ್ನು ಹೇಳಿದರೆ ಸಭೆ ನಗುತ್ತದೆ, ಮತ್ತು ಈ ಮಾತು ಪಕ್ಕದ ಕುರ್ಚಿಯ ನಿವೃತ್ತರಿಗೆ ಹೊಂದುವುದಿಲ್ಲ. ಆದರೆ ಹೆಚ್ಚು ತೂಕದ ಸಾಕ್ಷಿ ದಾಖಲೆ ಕೋಣೆಯಲ್ಲಿದೆ. ನಿಜಾಮರ ಕಾಲದ ಜಮೀನು ಕಾಗದಗಳು ಉರ್ದುವಿನಲ್ಲಿವೆ. ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿತಾದರೂ, ಅಜ್ಜನ ಕಾಲದ ತಕರಾರು ಎದ್ದರೆ ಹಳೆಯ ಗಂಟನ್ನೇ ಬಿಚ್ಚಬೇಕು. ಆಗ ಸದರಿಯವರು ಛಾ ಕಪ್ಪನ್ನು ದೂರ ಸರಿಸಿ, ಕನ್ನಡಕ ಹಣೆಗೇರಿಸಿ, ಬಲದಿಂದ ಎಡಕ್ಕೆ ಓದುತ್ತಿದ್ದರು. ಕಪ್ಪು ಸರಿಸಿದ್ದನ್ನು ಹೇಳಿದವನು ನಿಷ್ಠೆ ಎಂಬ ಪದವನ್ನು ಬಳಸಬೇಕಾಗಿಲ್ಲ.

ಇಲ್ಲಿ ಪೂರ್ವಪಕ್ಷ ಎದ್ದು ನಿಲ್ಲುತ್ತದೆ: ಸೇವಾ ಪುಸ್ತಕವಿರುವಾಗ ನೆನಪೇಕೆ? ಸೇವಾ ಪುಸ್ತಕ ರಜೆ, ಬಡ್ತಿ, ವೇತನ ಬಡ್ತಿ, ದಂಡನೆ ಎಲ್ಲವನ್ನೂ ಬಲ್ಲದು. ದಾಖಲೆ ಕೋಣೆಯ ಮೂರನೇ ಕಪಾಟಿನ ಬಾಗಿಲನ್ನು ಸ್ವಲ್ಪ ಎತ್ತಿಹಿಡಿದು ಕೀಲಿ ತಿರುಗಿಸಬೇಕೆಂಬುದು ಅದಕ್ಕೆ ಗೊತ್ತಿಲ್ಲ. ನೆನಪು ಸುಳ್ಳಾಗಬಹುದಲ್ಲ ಎಂಬುದು ಎರಡನೆಯ ಆಕ್ಷೇಪ, ಮತ್ತು ಇದು ಗಟ್ಟಿಯಾದದ್ದೇ. ಆದರೆ ಸುಳ್ಳು ವಿಶೇಷಣಕ್ಕೆ ಚಪ್ಪಾಳೆ ಬೀಳುತ್ತದೆ, ಸುಳ್ಳು ನೆನಪಿಗೆ ಹಿಂದಿನ ಸಾಲಿನಿಂದ ‘ಅದು ಅವರಲ್ರೀ ಸಾಹೇಬ್ರ, ಜಾವಕದವ್ರು’ ಎಂಬ ತಿದ್ದುಪಡಿ ಬರುತ್ತದೆ. ಕೂಡಿ ಕಂಡದ್ದಾದ್ದರಿಂದಲೇ ಅದನ್ನು ಕೂಡಿಯೇ ಪರಿಶೀಲಿಸಬಹುದು. ನಗು ಎಲ್ಲರಿಗಿಂತ ಮೊದಲು ಸದರಿಯವರ ಮುಖದಲ್ಲಿ ಕಾಣದಿದ್ದರೆ ಮಾತ್ರ ಆ ನೆನಪು ಚಾಡಿಯಾಗಿದೆಯೆಂದು ತಿಳಿದು ಮುಂದಿನದಕ್ಕೆ ಹೋಗತಕ್ಕದ್ದು.

ಪ್ರಮಾಣಗಳ ಸಂಖ್ಯೆಯ ಬಗ್ಗೆ ಶಾಸ್ತ್ರ ಕಟ್ಟುನಿಟ್ಟಾಗಿದೆ. ಎರಡು ಸಾಕು, ಮೂರನೆಯದು ಶುರುವಾಗುವ ಹೊತ್ತಿಗೆ ಚೂಡಾದ ತಟ್ಟೆಗಳು ಬಂದಿರುತ್ತವೆ, ಮತ್ತು ಆ ಕಪಾಟಿನ ಕೀಲಿಯನ್ನು ಯಾರಿಗೆ ಕೊಡಬೇಕೆಂದು ತಿಳಿದು ಪ್ರಭಾರ ವಹಿಸಿಕೊಡುವ ಕೆಲಸ ಇನ್ನೂ ಬಾಕಿಯಿರುತ್ತದೆ.